ಮೂರು ವರ್ಷ ಕೇಳಿದ್ದಾರೆ, ಅಜ್ಜಾ!

ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ 31 ವರ್ಷ ದುಡಿದು ನಿವೃತ್ತನಾದವನು ನಾನು. ಹಾಗಾಗಿ ನಮ್ಮ ಬಂಧುಬಳಗದಲ್ಲಿ ಯಾರು ಕೆಲಸ ಹುಡುಕಿದರೂ ಜಾಹೀರಾತು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಕಳೆದ ವರ್ಷ ಬಂದವಳು ನನ್ನ ಮೊಮ್ಮಗಳು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬಿಡಿಭಾಗ ತಯಾರಿಸುವ ಸಣ್ಣ ಘಟಕದಲ್ಲಿ ಗುಣಮಟ್ಟ ಪರೀಕ್ಷಕಿಯಾಗಿದ್ದಳು. ಪೀಣ್ಯದ ದೊಡ್ಡ ಕಾರ್ಖಾನೆಯೊಂದು ಅದೇ ಕೆಲಸಕ್ಕೆ ಅರ್ಜಿ ಕರೆದಿತ್ತು. ಡಿಪ್ಲೊಮಾ ಇರಬೇಕು, ಡ್ರಾಯಿಂಗ್ ಓದಲು ಬರಬೇಕು, 3 ವರ್ಷ ಅನುಭವ ಬೇಕು.

"ನನಗಿರೋದು ಒಂದು ವರ್ಷ ಎಂಟು ತಿಂಗಳು ಅಜ್ಜಾ. ಹಾಕೋದು ಬೇಡ ಅಲ್ವಾ?" ಎಂದಳು.

ಇದು ಸರ್ಕಾರಿ ಹುದ್ದೆಯಾಗಿದ್ದರೆ ನಾನೂ ಬೇಡ ಎನ್ನುತ್ತಿದ್ದೆ. ಅಲ್ಲಿ ಅಧಿಸೂಚನೆಯಲ್ಲಿ ಹೇಳಿದ ಅರ್ಹತೆ ನಿಗದಿತ ದಿನಾಂಕಕ್ಕೆ ಕೈಯಲ್ಲಿರಬೇಕು. ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದರೂ ದಾಖಲೆ ಪರಿಶೀಲನೆಯಲ್ಲಿ ಹೆಸರು ಬಿಟ್ಟುಹೋಗುತ್ತದೆ. ಕಾನೂನು ಕೇಳುವ ಪರವಾನಗಿಗಳದ್ದೂ ಅದೇ ಕಥೆ. ನೋಂದಣಿಯಿಲ್ಲದವನು ಔಷಧಿ ಅಂಗಡಿಯ ಫಾರ್ಮಸಿಸ್ಟ್ ಆಗಲಾರ. ಅವನನ್ನು ಸೇರಿಸಿಕೊಳ್ಳಲು ಮಾಲೀಕನಿಗೆ ಮನಸ್ಸಿದ್ದರೂ ಅಧಿಕಾರವಿಲ್ಲ.

ಖಾಸಗಿ ಕಾರ್ಖಾನೆಯ "3 ವರ್ಷ" ಹಾಗಲ್ಲ. ಅದು ಹೇಗೆ ಹುಟ್ಟುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ. "ಹಿಂದೆ ನಿಂತು ಹೇಳಿಕೊಡಬೇಕಾದವರು ಬೇಡಪ್ಪ" ಎಂದು ವಿಭಾಗದ ಮುಖ್ಯಸ್ಥರು ಹೇಳುತ್ತಿದ್ದರು. ಅದನ್ನು ಜಾಹೀರಾತಿಗೆ ಹಾಕುವುದು ಹೇಗೆ? ನಾವು 3 ವರ್ಷ ಎಂದು ಬರೆಯುತ್ತಿದ್ದೆವು. ಆದ್ದರಿಂದ ಕೊರತೆ ಸ್ವಲ್ಪವಾಗಿದ್ದು ಕೆಲಸ ಬರುತ್ತಿದ್ದರೆ ಅರ್ಜಿ ಹಾಕಬಹುದು. 10 ವರ್ಷ ಕೇಳಿದ ಕಡೆ ಒಂದು ವರ್ಷದವರು ಹಾಕಿದರೆ ಅಂಚೆ ಖರ್ಚು ದಂಡ, ಅಷ್ಟೆ.

ಅವಳ ಅಪ್ಪ, ಅಂದರೆ ನನ್ನ ಮಗ, ಒಂದು ಉಪಾಯ ಹೇಳಿದ. "ಕೆಲಸಕ್ಕೆ ಮುಂಚೆ ಒಂದು ವರ್ಷ ಅಪ್ರೆಂಟಿಸ್ ಆಗಿದ್ದಳಲ್ಲ, ಅದನ್ನೂ ಸೇರಿಸಿದರೆ 2 ವರ್ಷ 8 ತಿಂಗಳಾಯ್ತು. ದುಂಡಗೆ 3 ಅಂತ ಬರೆದುಬಿಡು."

ಸಿಕ್ಕಿಬೀಳುವುದು ಅಲ್ಲಿಯೇ. ಹಳೆಯ ಕಡೆಯ ಬಿಡುಗಡೆ ಪತ್ರದಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕಗಳೆರಡೂ ಇರುತ್ತವೆ. ಭವಿಷ್ಯ ನಿಧಿಯ ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳ ಲೆಕ್ಕ ಇರುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ತರಬೇತಿಯಲ್ಲಿರುವವರು, ನೌಕರರಲ್ಲ. ಆ ವರ್ಷಕ್ಕೆ ಭವಿಷ್ಯ ನಿಧಿ ಕಟ್ಟಿರುವುದಿಲ್ಲ. ಅದನ್ನು ನೌಕರಿ ಎಂದು ಬರೆದರೆ ಪಾಸ್‌ಬುಕ್ಕು ಬೇರೆ ಮಾತು ಹೇಳುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಇಂಥದ್ದು ಹೊರಬಿದ್ದು ಮನೆಗೆ ಹೋದವರನ್ನು ನಾನು ನೋಡಿದ್ದೇನೆ. ಅವರಲ್ಲಿ ಕೆಲಸ ಬರದವರು ಯಾರೂ ಇರಲಿಲ್ಲ!

ಹಾಗೆಂದು ಆ ವರ್ಷವನ್ನು ಬಿಟ್ಟುಬಿಡಬೇಕಾಗಿಲ್ಲ. ಹೆಸರು ಸರಿಯಾಗಿ ಹೇಳಬೇಕು. ನಾವು ಕೂತು ಬರೆದ ಪತ್ರದ ಮೊದಲ ಸಾಲುಗಳು ಹೀಗಿದ್ದವು: "ತಾವು 3 ವರ್ಷ ಅನುಭವ ಕೇಳಿದ್ದೀರಿ. ನನಗೆ 1 ವರ್ಷ 8 ತಿಂಗಳ ಉದ್ಯೋಗಾನುಭವವಿದೆ. ಅದಕ್ಕೆ ಮುನ್ನ ಒಂದು ವರ್ಷ ಅಪ್ರೆಂಟಿಸ್ ತರಬೇತಿ ಪಡೆದಿದ್ದೇನೆ." ಕ್ಷಮೆ ಕೇಳಲಿಲ್ಲ, "ಬೇಗ ಕಲಿಯುತ್ತೇನೆ" ಎಂದೂ ಬರೆಯಲಿಲ್ಲ. ಆ ಮಾತನ್ನು ಎಲ್ಲರೂ ಬರೆಯುತ್ತಾರೆ, ಓದುವವರ ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ.

ಇನ್ನುಳಿದ ಜಾಗವನ್ನು ಒಂದೇ ಘಟನೆಗೆ ಕೊಟ್ಟೆವು. "ಯಾರೂ ಹೇಳಿಕೊಡದೆ ನೀನೇ ತೀರ್ಮಾನ ಮಾಡಿದ ಒಂದು ದಿನ ಹೇಳು ಪುಟ್ಟಿ" ಎಂದೆ. ಯೋಚಿಸಿ ಹೇಳಿದಳು. ಒಂದು ಭಾಗದ ರಂಧ್ರ 25.00ರಿಂದ 25.02 ಮಿಲಿಮೀಟರ್ ಒಳಗೆ ಇರಬೇಕಿತ್ತು. ತಲೆಗೂದಲಿಗಿಂತ ತೆಳುವಾದ ಅಂತರ ಅದು. ಬೋರ್ ಗೇಜ್ ಹಾಕಿ ನೋಡಿದರೆ ಒಂದು 25.03 ತೋರಿಸಿತು. ಲಾರಿ ಕಾಯುತ್ತಿತ್ತು, "ಒಂದೇ ತಾನೆ, ಕಳಿಸಮ್ಮ" ಎಂದು ಮೇಸ್ತ್ರಿ ಅವಸರ ಮಾಡುತ್ತಿದ್ದರು. ಇವಳು ಗೇಜನ್ನು ಮತ್ತೆ ಸೊನ್ನೆಗೆ ಹೊಂದಿಸಿ, ಇಡೀ 40 ತುಂಡುಗಳನ್ನು ಅಳೆದಳು. ತಪ್ಪಿದ್ದು 12, ಎಲ್ಲವೂ ಊಟದ ಬಿಡುವಿನ ನಂತರದವು. ಬಿಡುವಿನಲ್ಲಿ ಯಂತ್ರದ ಕತ್ತರಿಸುವ ತುದಿ ಬದಲಿಸಿದ್ದರು, ಅದಕ್ಕೆ ತಕ್ಕಂತೆ ಅಳತೆ ಹೊಂದಿಸಿರಲಿಲ್ಲ. ಇವಳು ಕೆಂಪು ಚೀಟಿ ಅಂಟಿಸಿ ಹನ್ನೆರಡನ್ನೂ ಪಕ್ಕಕ್ಕಿಟ್ಟಳು. ಉಳಿದ 28 ಲಾರಿ ಹತ್ತಿದವು.

ಸಂದರ್ಶನದಲ್ಲಿ ವರ್ಷಗಳ ಬಗ್ಗೆ ಒಂದೇ ಪ್ರಶ್ನೆ ಬಂತಂತೆ, ಇವಳು ಪತ್ರದಲ್ಲಿದ್ದುದನ್ನೇ ಹೇಳಿದಳು. ಉಳಿದದ್ದೆಲ್ಲ ಆ ಹನ್ನೆರಡು ತುಂಡುಗಳ ಬಗ್ಗೆ: ಗೇಜನ್ನು ಮತ್ತೆ ಸೊನ್ನೆಗೆ ಏಕೆ ತಂದೆ, ಮೇಸ್ತ್ರಿಗೆ ಏನು ಹೇಳಿದೆ, ಮೊದಲ 28 ಸರಿಯಿವೆಯೆಂದು ಹೇಗೆ ಗೊತ್ತು? ಆಮೇಲೆ ಒಂದು ಡ್ರಾಯಿಂಗ್ ಮತ್ತು ಮೈಕ್ರೊಮೀಟರ್ ಕೈಗೆ ಕೊಟ್ಟು ಅಳೆಯಲು ಹೇಳಿದರು.

ಕೆಲಸ ಸಿಕ್ಕಿತು, ಜಾಹೀರಾತಿನಲ್ಲಿದ್ದ ಹಾಗೆ ಪೂರ್ತಿಯಾಗಿ ಅಲ್ಲ. ಮೊದಲ ಆರು ತಿಂಗಳು ಹಿರಿಯ ಪರೀಕ್ಷಕರ ಜೊತೆಗೇ ಪಾಳಿ, ಸಂಬಳವೂ ಸ್ವಲ್ಪ ಕಡಿಮೆ. ಹದಿನಾರು ತಿಂಗಳ ಕೊರತೆಗೆ ಅಷ್ಟು ಹಿಡಿದುಕೊಂಡದ್ದು ನ್ಯಾಯವೇ ಎನ್ನಿಸಿತು ನನಗೆ. ನನ್ನ ಮಗನಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಅವಳು ಕೇಳಿದ್ದು ಒಂದೇ ಮಾತು: ಆರು ತಿಂಗಳಾದ ಮೇಲೆ ಸಂಬಳ ಸರಿಪಡಿಸುತ್ತೇವೆ ಎಂದದ್ದನ್ನು ಆದೇಶ ಪತ್ರದಲ್ಲಿ ಬರೆದುಕೊಡಿ ಎಂದು. ಬರೆದುಕೊಟ್ಟರು.