ಪೌಂಡು, ಗ್ರೇವು ಮತ್ತು ಕರ್ನಾಟಕ

ಬ್ಯಾಂಕಿನ ನೌಕರಿಯಿಂದ ನಿವೃತ್ತನಾದ ಮೇಲೆ ನಮ್ಮ ಸಂಘದ ಭಾನುವಾರದ ಕನ್ನಡ ವರ್ಗವನ್ನು ನಾನು ವಹಿಸಿಕೊಂಡೆ. ಹತ್ತು-ಹನ್ನೆರಡು ಮಕ್ಕಳು. ಮನೆಯಲ್ಲಿ ಕನ್ನಡವೋ ತುಳುವೋ, ಬೀದಿಯಲ್ಲಿ ಹಿಂದಿ-ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಹೋದ ವರ್ಷ ಠಾಣೆಯಿಂದ ಒಬ್ಬ ಹುಡುಗಿ ತಾಯಿಯ ಕೈ ಹಿಡಿದು ಲೋಕಲ್ ರೈಲಿನಲ್ಲಿ ಬರತೊಡಗಿದಳು. ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಅವಳ ಲ್ಯಾಪ್‌ಟಾಪಿನಲ್ಲಿ ಎನ್.ವಿ.ಡಿ.ಎ. ಎಂಬ ಉಚಿತ ಸ್ಕ್ರೀನ್ ರೀಡರ್ ಇತ್ತು. ಪರದೆಯ ಮೇಲಿನ ಅಕ್ಷರಗಳನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಇವಳು ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೇಳಿ, ನಮಗೆ ತಿರುಗಿ ಹೇಳುತ್ತಿದ್ದಳು.

ರಾಜ್ಯೋತ್ಸವಕ್ಕೆಂದು ನಾನೊಂದು ಪುಟ್ಟ ಪಾಠ ಬರೆದೆ. ಮಿಕ್ಕವರಿಗೆ ಅದರ ಛಾಪಿಸಿದ ಹಾಳೆ ಕೊಟ್ಟು, ಅವಳಿಗೆ ಮಾತ್ರ ಇ-ಮೇಲಿನಲ್ಲಿ ಕಳಿಸಿದ್ದೆ. "ಕರ್ನಾಟಕ ಎಂಬ ಹೆಸರು ನಮ್ಮ ರಾಜ್ಯಕ್ಕೆ 1973ರ ನವೆಂಬರ್ 1ರಂದು ಬಂತು" ಎಂಬುದು ಮೊದಲ ವಾಕ್ಯ. ಅವಳ ಸರದಿ ಬಂದಾಗ ನನಗೇನು ಹುರುಪೋ, "ಇವತ್ತು ಆ ತಂತಿ ತೆಗೆಯಮ್ಮಾ, ನಿನ್ನ ಯಂತ್ರದ ಕನ್ನಡ ಎಲ್ಲರೂ ಕೇಳಲಿ" ಎಂದುಬಿಟ್ಟೆ.

ಅವಳು ಕೀಲಿ ಒತ್ತಿದಳು. ಯಂತ್ರ ಅರಬ್ಬಿಯೂ ಅಲ್ಲದ ಇಂಗ್ಲಿಷೂ ಅಲ್ಲದ ಯಾವುದೋ ಮಾತನ್ನು ಒದರತೊಡಗಿತು, ನಡುನಡುವೆ "ಪೌಂಡ್, ಪೌಂಡ್" ಎನ್ನುತ್ತಾ. ಅದರಲ್ಲಿ 1973 ಒಂದೇ ನಮಗೆ ತಿಳಿದದ್ದು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳ ಮುಖ ಕೆಂಪಾಯಿತು. ಕೈ ತಡವರಿಸಿ ದನಿ ನಿಲ್ಲಿಸಿದಳು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಅವಳ ತಾಯಿ ಸೆರಗು ಸರಿಪಡಿಸಿಕೊಂಡು ತಲೆ ತಗ್ಗಿಸಿದರು.

"ಸರ್, ಇದರಲ್ಲಿ ಕನ್ನಡ ಇಲ್ಲ," ಎಂದಳು.

"ಇಲ್ಲದೆ ಏನಮ್ಮಾ? ನಾನೇ ಬರೆದದ್ದು. ನನ್ನ ಲ್ಯಾಪ್‌ಟಾಪಿನಲ್ಲಿ ಕಣ್ಣಿಗೆ ಕಾಣ್ತಾ ಇದೆಯಲ್ಲ!"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳೇನೂ ಹೇಳಲಿಲ್ಲ. ಬಾಣದ ಕೀಲಿಯಿಂದ ಮೊದಲ ಪದದ ಒಂದೊಂದೇ ಅಕ್ಷರವನ್ನು ಯಂತ್ರದಿಂದ ಹೇಳಿಸಿದಳು: ಪಿ, ಎ ಗ್ರೇವ್, ಪೌಂಡ್... ನಾನು ಬಗ್ಗಿ ಅವಳ ಪರದೆ ನೋಡಿದೆ. ಅಲ್ಲಿ ಇದ್ದದ್ದು ಇದು:

```
PÀ£ÁðlPÀ
```

ನಾನು ಟೈಪು ಮಾಡಿದ್ದು ಹಳೆಯ ನುಡಿ ಫಾಂಟಿನಲ್ಲಿ. ಅಲ್ಲಿ ಕಂಪ್ಯೂಟರು ಇಟ್ಟುಕೊಳ್ಳುವುದು ಕನ್ನಡವನ್ನಲ್ಲ, ಇಂಗ್ಲಿಷು ಮತ್ತು ಯುರೋಪಿನ ಅಕ್ಷರಗಳನ್ನು. `P` ಇದ್ದಲ್ಲಿ ಫಾಂಟು 'ಕ'ದ ಮೈಯನ್ನು ಬರೆಯುತ್ತದೆ, `À` ಇದ್ದಲ್ಲಿ ತಲಕಟ್ಟನ್ನು. ಎರಡೂ ಸೇರಿ ನಮ್ಮ ಕಣ್ಣಿಗೆ 'ಕ'. `£` ಮತ್ತು `Á` ಸೇರಿದರೆ 'ನಾ', `ð` ಎಂದರೆ ಅರ್ಕಾವತ್ತು, `l` ಎಂದರೆ 'ಟ'. ಬರೀ ವೇಷ. ಆ ಫಾಂಟಿಲ್ಲದ ಅವಳ ಯಂತ್ರದಲ್ಲಿ ವೇಷ ಕಳಚಿತ್ತು. ಫಾಂಟಿದ್ದರೂ ಅವಳಿಗೆ ಪ್ರಯೋಜನವಿರಲಿಲ್ಲ, ಏಕೆಂದರೆ ಸ್ಕ್ರೀನ್ ರೀಡರ್ ಓದುವುದು ಒಳಗಿನ ಅಕ್ಷರವನ್ನು, ಮೇಲಿನ ಚಿತ್ರವನ್ನಲ್ಲ. ಯೂನಿಕೋಡಿನಲ್ಲಾದರೆ 'ಕ'ಕ್ಕೆ ಅದರದೇ ಸಂಖ್ಯೆ ಇರುತ್ತದೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆಯೂ ಇತ್ತು. ಕೈಗೆ ಕೂತ ಅಭ್ಯಾಸವೆಂದು ನಾನೇ ಬದಲಿಸಿರಲಿಲ್ಲ.

"ಫಾಂಟನ್ನ ಏರಿಯಲ್‌ಗೆ ಬದಲಾಯಿಸಿ ನೋಡಿ ಸರ್," ಎಂದಳು. "ಕನ್ನಡ ಹಾಗೇ ಉಳಿದರೆ ಯೂನಿಕೋಡ್. ಗಜಿಬಿಜಿ ಆದರೆ ಹಳೇದು." ನನ್ನ ಲ್ಯಾಪ್‌ಟಾಪಿನಲ್ಲಿ ಬದಲಾಯಿಸಿದೆ. ನನ್ನ ಕಣ್ಣೆದುರಿಗೇ ಇಡೀ ಪಾಠ ಗಜಿಬಿಜಿಯಾಯಿತು. ಮಕ್ಕಳು ಮತ್ತೆ ನಕ್ಕರು, ಈ ಸಲ ನನ್ನನ್ನು ನೋಡಿ. ನನಗೆ ತುಸು ಹಗುರವೇ ಆಯಿತೆನ್ನಿ.

ಮುಂದಿನ ಭಾನುವಾರ ಒಂದು ಪರಿವರ್ತಕದಲ್ಲಿ ಹಾಕಿ ಪಾಠವನ್ನು ಯೂನಿಕೋಡಿಗೆ ತಂದೆ. ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟು ಮಕ್ಕಳಿಂದ ಓದಿಸಿದೆ. ಮೂರು ಮಕ್ಕಳು "ಕರ್ನಾಟಕ" ಎಂದು ಸಲೀಸಾಗಿ ಓದಿದರು. ಅವಳ ಸರದಿ. ಅವಳೇ ಕೇಳಿದಳು, "ತಂತಿ ತೆಗೀಲಾ ಸರ್?"

ಈ ಬಾರಿ ಯಂತ್ರ ಕನ್ನಡ ಮಾತಾಡಿತು. ಅವಳು ತಟ್ಟನೆ ನಿಲ್ಲಿಸಿದಳು.

"ಸರ್, ಕನಾರ್ಟಕ ಅಂತಿದೆ."

ಗೋಡೆ ನೋಡಿದೆ. ಹೌದು, 'ಕನಾರ್ಟಕ'! ಅರ್ಕಾವತ್ತು 'ನಾ' ಬಿಟ್ಟು 'ಟ'ದ ಬೆನ್ನಿಗೆ ಹತ್ತಿತ್ತು. ಹಳೆಯ ಕ್ರಮದಲ್ಲಿ ಅರ್ಕಾವತ್ತು, ನಾವು ಕೈಯಲ್ಲಿ ಬರೆಯುವಂತೆಯೇ, 'ನಾ' ಆದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ, ಬಾಯಲ್ಲಿ ಹೇಳುವಂತೆ, 'ರ್' ಮೊದಲು. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕಿಡಬೇಕಿತ್ತು, ಇದ್ದಲ್ಲೇ ಬಿಟ್ಟಿತ್ತು. ಮೂರು ಮಕ್ಕಳೂ, ಅವರ ಮೇಷ್ಟರೂ, ಗೊತ್ತಿದ್ದ ಹೆಸರನ್ನೇ ಓದಿ ಮುಂದೆ ಹೋಗಿದ್ದೆವು.

ಮನೆಗೆ ಬಂದವನೇ ಸಂಘದ ಹೋದ ವರ್ಷದ ಸ್ಮರಣ ಸಂಚಿಕೆ ತೆಗೆದೆ. ಅದೂ ಹೀಗೆಯೇ ಪರಿವರ್ತಿಸಿ ಅಚ್ಚಾದದ್ದು. ಕರಡು ತಿದ್ದಿದವನು ನಾನು. 'ಕನಾರ್ಟಕ' ನಾಲ್ಕು ಕಡೆ ಸಿಕ್ಕಿತು, ಒಂದು ಅಧ್ಯಕ್ಷರ ಸಂದೇಶದಲ್ಲೇ. ಈ ವರ್ಷದ ಕರಡನ್ನು ಅವಳಿಗೆ ಕಳಿಸಿದ್ದೇನೆ.