ಹಿಡಿದಿಟ್ಟ ನೋವು

ಕನ್ನಡದಲ್ಲಿ ಈ ವ್ಯಾಧಿಗೆ ಮಲಬದ್ಧತೆ ಎಂದು ಹೆಸರು, ಮರಾಠಿಯಲ್ಲಿ ಬದ್ಧಕೋಷ್ಠತಾ. ಒಂದು ಪದ ಮಲ ಕಟ್ಟಿದೆಯೆನ್ನುತ್ತದೆ, ಇನ್ನೊಂದು ಹೊಟ್ಟೆ ಕಟ್ಟಿದೆಯೆನ್ನುತ್ತದೆ. ಕಟ್ಟಿದವರು ಯಾರೆಂಬುದನ್ನು ಎರಡೂ ಹೇಳುವುದಿಲ್ಲ. ಎಳೆಯ ಮಕ್ಕಳಲ್ಲಿ ಬಹುಮಟ್ಟಿಗೆ ಕಟ್ಟುವುದು ಮಗುವೇ, ಕಟ್ಟಿಸುವುದು ಭಯ.

ಮುರ್ಮುಗಾಂವ್ ಬಂದರಿನ ಆಸುಪಾಸಿನಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕುಟುಂಬಗಳು ಅನೇಕ. ಅಂಥ ಒಂದು ಮನೆಯ ನಾಲ್ಕು ವರ್ಷದ, 15 ಕಿಲೋ ತೂಕದ ಮಗುವನ್ನು ಕಲ್ಪಿಸಿಕೊಳ್ಳಬಹುದು. ಜ್ವರ ಬಂದು ನೀರು, ಊಟ ಕಡಿಮೆಯಾದಾಗ ಮಲ ಗಟ್ಟಿಯಾಗಿ ಗುದದ್ವಾರದಲ್ಲಿ ಸಣ್ಣ ಸೀಳು ಬಿಟ್ಟಿತು. ಮರುದಿನ ಒತ್ತಡ ಬಂದಾಗ ಮಗು ಬಾಗಿಲ ಮರೆಗೆ ಹೋಗಿ, ಕಾಲು ಹೆಣೆದು, ತುದಿಗಾಲಲ್ಲಿ ಬಿಗಿಯಾಗಿ ನಿಂತಿತು. ತಾಯಿ ಅದನ್ನು ತಿಣುಕುವಿಕೆಯೆಂದು ಬಗೆದಳು. ನಿಜಕ್ಕೆ ಅದು ತಡೆಯುವಿಕೆ.

ಹೀಗೆ ಉಳಿದ ಮಲದಿಂದ ದೊಡ್ಡಕರುಳು ನೀರನ್ನು ಹೀರುತ್ತಲೇ ಇರುತ್ತದೆ. ಮಲ ಇನ್ನಷ್ಟು ಗಟ್ಟಿಯೂ ದಪ್ಪವೂ ಆಗಿ, ಮುಂದಿನ ವಿಸರ್ಜನೆ ಹೆಚ್ಚು ನೋಯಿಸುತ್ತದೆ. ನೋವು ಭಯವನ್ನು ಬಲಪಡಿಸುತ್ತದೆ. ತಿಂಗಳುಗಳು ಕಳೆದಂತೆ ಗುದನಾಳ ಹಿಗ್ಗಿ, ತುಂಬಿದ ಅರಿವೇ ಮಂದವಾಗುತ್ತದೆ. ಕೊನೆಗೆ ಗಟ್ಟಿಮಲದ ಸುತ್ತಲಿಂದ ತೆಳುಮಲ ಸೋರಿ ಚಡ್ಡಿಗೆ ಕಲೆಯಾಗುತ್ತದೆ. ‘ಹೊಟ್ಟಿ ಕೆಟ್ಟೈತಿ’ ಎಂದು ಅಜ್ಜಿ ಭೇದಿಯ ಔಷಧ ಹುಡುಕುತ್ತಾಳೆ, ತಂದೆ ಗದರುತ್ತಾನೆ. ಮಗು ಬೇಕೆಂದು ಮಾಡಿದ್ದಲ್ಲ. ಅದಕ್ಕೆ ತಿಳಿಯುವುದೇ ಇಲ್ಲ.

ಹಣ್ಣು, ಸೊಪ್ಪು, ನೀರು ಹಿತವೇ. ಊಟವನ್ನು ನುಂಗುವಷ್ಟು ಹಾಲು ಕುಡಿಯುತ್ತಿದ್ದರೆ ಅದನ್ನು ಇಳಿಸಬೇಕು. ಆದರೆ ತುಂಬಿ ನಿಂತ ಗುದನಾಳವನ್ನು ಇವಷ್ಟೇ ತೆರವು ಮಾಡಲಾರವು. ಮೊದಲ ಹೆಜ್ಜೆ ತೆರವು. ಪಾಲಿಇಥಿಲೀನ್ ಗ್ಲೈಕಾಲ್ ಎಂಬ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿದರೆ, ಅದು ನೀರನ್ನು ಕರುಳಿನಲ್ಲೇ ಉಳಿಸಿ ಮಲವನ್ನು ಮೆತ್ತಗಾಗಿಸುತ್ತದೆ. ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಮಿನಂತೆ ಈ ಮಗುವಿಗೆ 15ರಿಂದ 22 ಗ್ರಾಂ, 3ರಿಂದ 6 ದಿನ, ವೈದ್ಯರ ನಿಗಾದಲ್ಲಿ. ಆಗ ಸೋರಿಕೆ ಕೆಲದಿನ ಹೆಚ್ಚೀತು. ಅದಕ್ಕೆ ಹೆದರಿ ನಿಲ್ಲಿಸಬಾರದು.

ಎರಡನೆಯ ಹೆಜ್ಜೆ ಕಾಯ್ದುಕೊಳ್ಳುವಿಕೆ. ಕಿಲೋಗೆ 0.4 ಗ್ರಾಮಿನಂತೆ ದಿನಕ್ಕೆ ಸುಮಾರು 6 ಗ್ರಾಮಿನಿಂದ ಆರಂಭಿಸಿ, ನಿತ್ಯ ಮೆತ್ತನೆಯ ಮಲವಾಗುವಂತೆ ಪ್ರಮಾಣವನ್ನು ಹೊಂದಿಸುತ್ತಾರೆ. ಊಟವಾದೊಡನೆ ಕರುಳು ತಾನೇ ಚಲಿಸುತ್ತದೆ. ಆ ಹೊತ್ತಿಗೆ ಐದು ನಿಮಿಷ, ಪಾದಗಳಿಗೆ ಆಸರೆಯಿಟ್ಟು ಕೂರಿಸಬೇಕು, ಗದರಿಕೆಯಿಲ್ಲದೆ.

ಬಹುತೇಕ ಮನೆಗಳು ಎಡವುವುದು ಇಲ್ಲಿಯೇ. ವಾರದಲ್ಲಿ ಮಲ ಸರಿಯಾಯಿತೆಂದು, ಅಭ್ಯಾಸವಾದೀತೆಂಬ ಅಂಜಿಕೆಯಿಂದ ಪುಡಿಯನ್ನು ನಿಲ್ಲಿಸುತ್ತಾರೆ. ಈ ಪುಡಿ ಕರುಳನ್ನು ಸೋಮಾರಿಯಾಗಿಸುವುದಿಲ್ಲ. ಹಿಗ್ಗಿದ ನಾಳ ಕುಗ್ಗಲು, ಭಯ ಮರೆಯಲು ಕಾಲ ಬೇಕು. ಕನಿಷ್ಠ ಎರಡು ತಿಂಗಳು ಕೊಟ್ಟು, ಲಕ್ಷಣಗಳಿಲ್ಲದೆ ಒಂದು ತಿಂಗಳು ಕಳೆದ ಮೇಲೆಯೇ ಮೆಲ್ಲನೆ ಇಳಿಸಬೇಕು.

ಹುಟ್ಟಿದ 48 ಗಂಟೆಗಳಲ್ಲಿ ಮೊದಲ ಮಲವಾಗದಿದ್ದ ಮಗು, ಮೊದಲ ತಿಂಗಳಲ್ಲೇ ತೊಂದರೆ ಕಂಡ ಮಗು, ಹೊಟ್ಟೆಯುಬ್ಬರ, ಹಸಿರು ವಾಂತಿ, ಕುಂಠಿತ ಬೆಳವಣಿಗೆ ಅಥವಾ ಕಾಲಿನ ದೌರ್ಬಲ್ಯವಿರುವ ಮಗು ಈ ಮಾತಿಗೆ ಹೊರತು. ಅಲ್ಲಿ ಕಟ್ಟಿದ್ದು ಭಯವಲ್ಲದಿರಬಹುದು. ತಡಮಾಡದೆ ಮಕ್ಕಳ ವೈದ್ಯರ ಬಳಿಗೆ ಒಯ್ಯಬೇಕು.