ಹೊರಗಿನ ಅವಲೋಕಕರು ಮತ್ತು ಟೀಮ್ಸ್

ಸಂಪಿಗೆ ರಸ್ತೆಯಲ್ಲಿರುವ ನಿವೃತ್ತ ವಿಜ್ಞಾನ ಶಿಕ್ಷಕಿಯೊಬ್ಬರು ನನ್ನ ಅಭ್ಯಾಸ ಪಾಠವನ್ನು ಮನೆಯಿಂದಲೇ ನೋಡಲು ಒಪ್ಪಿದರು. ಅವರಿಗೆ ಕಾಲೇಜಿನ ಖಾತೆ ಇಲ್ಲ. ಇಂಥವರಿಗೆ ಟೀಮ್ಸ್‌ನಲ್ಲಿ ಎರಡು ದಾರಿಗಳಿವೆ.

ಪಾಠ ನೋಡುವುದಷ್ಟೇ ಇದ್ದರೆ ಮೀಟಿಂಗ್ ಲಿಂಕ್ ಸಾಕು. ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ತೆರೆದು ಹೆಸರು ಬರೆದರೆ ಅವರು ಲಾಬಿಗೆ ಬರುತ್ತಾರೆ. ಆದರೆ ಕಾಲೇಜಿನ ಅಡ್ಮಿನ್ ಅನಾಮಧೇಯ ಪ್ರವೇಶಕ್ಕೆ ಅನುಮತಿ ಕೊಟ್ಟಿರಬೇಕು. ಇದನ್ನು ತಿಳಿಯಲು ಕೆಲವು ದಿನ ಮೊದಲೇ ಲಿಂಕನ್ನು ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ತೆರೆದೆ. ಹೆಸರು ಕೇಳಿತು, ಅಂದರೆ ದಾರಿ ತೆರೆದಿದೆ. ಲಾಗಿನ್ ಕೇಳುತ್ತಲೇ ಇದ್ದರೆ ಅಡ್ಮಿನ್‌ಗೆ ಹೇಳಬೇಕು. ಬದಲಾವಣೆ ಜಾರಿಗೆ ಬರಲು ಕೆಲವು ಗಂಟೆ ಹಿಡಿಯಬಹುದು.

ಲಾಬಿಯಲ್ಲಿ ಕಾಯುವವರನ್ನು ಯಾರಾದರೂ ಒಳಗೆ ಬಿಡಬೇಕು. ನಾನು ಹಲಗೆಯತ್ತ ತಿರುಗಿರುವಾಗ ಆ ಸೂಚನೆ ಕಾಣದು. ಪೀಠಿಕೆ ಮುಗಿದ ಮೇಲೆ ಅವರು ಒಳಬಂದರೆ ಅವಲೋಕನ ಪಟ್ಟಿಯ ಮೊದಲ ಅಂಶಗಳೇ ಖಾಲಿ ಉಳಿಯುತ್ತವೆ. ಹಾಗಾಗಿ ಸಹಪಾಠಿಯೊಬ್ಬಳನ್ನು ಪ್ರೆಸೆಂಟರ್ ಮಾಡಿ ಆ ಕೆಲಸ ಒಪ್ಪಿಸಿದೆ.

ಪಾಠಯೋಜನೆಯ ಕಡತಗಳನ್ನೂ ಅವರು ಓದಬೇಕಿದ್ದರೆ ಲಿಂಕ್ ಸಾಲದು, ಅತಿಥಿಯಾಗಿ ಸೇರಿಸಬೇಕು. ಅಡ್ಮಿನ್ ಅತಿಥಿ ಪ್ರವೇಶವನ್ನು ತೆರೆದಿಟ್ಟಿದ್ದರೆ ತಂಡದ ಮಾಲೀಕರು, ನಮ್ಮಲ್ಲಿ ಮಾರ್ಗದರ್ಶಿ ಉಪನ್ಯಾಸಕರು, `Add member`ನಲ್ಲಿ ಅವರ ಇಮೇಲ್ ಹಾಕುತ್ತಾರೆ. ಮೈಕ್ರೋಸಾಫ್ಟ್ ಖಾತೆ ಇಲ್ಲದಿದ್ದರೆ ಸಾಮಾನ್ಯವಾಗಿ ಅದೇ ಇಮೇಲ್‌ಗೆ ಒಂದು ಬಾರಿಯ ಸಂಕೇತ ಬರುತ್ತದೆ; ಅದು 30 ನಿಮಿಷ ಮಾತ್ರ ನಡೆಯುತ್ತದೆ.

ಅತಿಥಿಗೆ ಆ ತಂಡದ ಕಡತಗಳೂ ಮಾತುಕತೆಯೂ ಕಾಣುತ್ತವೆ. ಮಕ್ಕಳ ಅಂಕಪಟ್ಟಿಯನ್ನು ಅಲ್ಲಿಡದೆ ಅವಲೋಕನಕ್ಕೆಂದೇ ಬೇರೆ ತಂಡ ಮಾಡಿಸಿಕೊಳ್ಳುವುದು, ಅಭ್ಯಾಸ ಬೋಧನೆ ಮುಗಿದಾಗ ಅತಿಥಿಯ ಹೆಸರು ತೆಗೆಸುವುದು ಲೇಸು.